ಮೈಟ್ರಲ್ ಮುಚ್ಚಿದ ಮೇಲೆ, ಅಯೋರ್ಟಿಕ್ ತೆರೆಯುವ ಮೊದಲು: ಫಿಸಿಯಾಲಜಿ ಸಪ್ಲಿಮೆಂಟರಿ ಬರೆದ ಅನುಭವ

ಎಂಬಿಬಿಎಸ್ ಮೊದಲ ವರ್ಷದ ಫಲಿತಾಂಶ ಬಂದ ಸಂಜೆ ನಾನು ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತಿದ್ದೆ. ಅನಾಟಮಿ ಪಾಸ್, ಬಯೋಕೆಮಿಸ್ಟ್ರಿ ಪಾಸ್. ಫಿಸಿಯಾಲಜಿಯಲ್ಲಿ 7 ಅಂಕ ಕಡಿಮೆ. ಹಾವೇರಿಯಲ್ಲಿದ್ದ ಅಪ್ಪನಿಗೆ ಫೋನ್ ಮಾಡಿದಾಗ ಅವರು ಒಂದೇ ಮಾತು ಕೇಳಿದರು: "ಎಲ್ಲಿ ತಪ್ಪಿತು ಅಂತ ಗೊತ್ತಾಯ್ತೇನವ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಪೇಪರ್ ಚೆನ್ನಾಗಿ ಬರೆದಿದ್ದೇನೆ ಅಂದುಕೊಂಡೇ ಮನೆಗೆ ಹೋಗಿದ್ದೆ.

ಸಪ್ಲಿಮೆಂಟರಿಗೆ ಕೂರುವವರು ಮೊದಲು ತಮ್ಮ ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಳ್ಳಿ ಅನ್ನುವುದು ನನ್ನ ಮೊದಲ ಮಾತು. ನಾನು ಅರ್ಜಿ ಹಾಕಿದ್ದು ಕೊನೆಯ ದಿನದ ಹಿಂದಿನ ದಿನ. ಹಾಲ್ ಟಿಕೆಟ್ ಪ್ರತಿ, ಅಂಕಪಟ್ಟಿಯ ಪ್ರಿಂಟ್, ಶುಲ್ಕ ಕಟ್ಟಿದ ರಸೀದಿ, ಕಾಲೇಜಿನ ಸಹಿ, ಇಷ್ಟು ಬೇಕಾಯಿತು. ಸಹಿ ಮಾಡಬೇಕಾದವರು ಎರಡು ದಿನ ರಜೆಯಲ್ಲಿದ್ದರು. ಆ ಎರಡು ದಿನ ನಾನು ಆಫೀಸಿನ ಮುಂದಿನ ಬೆಂಚಿನ ಮೇಲೇ ಕಳೆದೆ. ಶುಲ್ಕ ವರ್ಷ ವರ್ಷ ಬದಲಾಗುತ್ತದೆ, ಸುತ್ತೋಲೆ ನೋಡಿಯೇ ಕಟ್ಟಿ. ಆಮೇಲೆ ಹದಿನೆಂಟು ದಿನ ಕಾಯಬೇಕಾಯಿತು. ಕಾಯುವಾಗ ನಾನು ಓದಿದ್ದು ಮೂತ್ರಪಿಂಡ ಮತ್ತು ನರಮಂಡಲ. ಹೃದಯದ ಪಾಠ ನನಗೆ ಬರುತ್ತದೆ ಅಂತಲೇ ಅದನ್ನು ಮುಟ್ಟಿರಲಿಲ್ಲ.

ಪ್ರತಿ ಬಂತು. ಹತ್ತು ಅಂಕದ ಪ್ರಶ್ನೆ, ಕಾರ್ಡಿಯಾಕ್ ಸೈಕಲ್. ನನಗೆ ಸಿಕ್ಕಿದ್ದು ಎರಡೂವರೆ.

ಚಿತ್ರದ ಮೇಲೆ ಕೆಂಪು ಪೆನ್ನಿನ ಎರಡು ಸುತ್ತು. ಎಡ ವೆಂಟ್ರಿಕಲ್‌ನ ಒತ್ತಡದ ಗೆರೆಯನ್ನು ಬೆಟ್ಟದ ಹಾಗೆ ಬರೆದು, ಅದರ ತುದಿಯಲ್ಲಿ, 120ರ ಹತ್ತಿರ, ನಾನು "ಅಯೋರ್ಟಿಕ್ ವಾಲ್ವ್ ತೆರೆಯುತ್ತದೆ" ಅಂತ ಬರೆದಿದ್ದೆ. ಬೆಟ್ಟ ಇಳಿಯುವ ಕಡೆ ಒಂದೇ ಚುಕ್ಕೆ ಇಟ್ಟು "ಅಯೋರ್ಟಿಕ್ ಮುಚ್ಚುತ್ತದೆ, ಮೈಟ್ರಲ್ ತೆರೆಯುತ್ತದೆ" ಅಂತ ಎರಡನ್ನೂ ಒಟ್ಟಿಗೆ ಹಾಕಿದ್ದೆ. ಮೊದಲ ಸುತ್ತು ತುದಿಗೆ, ಎರಡನೆಯದು ಆ ಚುಕ್ಕೆಗೆ. ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಿಟ್ಟರೆ ಬೇರೆ ಬರಹ ಇಲ್ಲ.

ಅವತ್ತು ರಾತ್ರಿ ಹಳೇ ಬಹು ಆಯ್ಕೆ ಪ್ರಶ್ನೆಗಳನ್ನೆಲ್ಲ ತೆಗೆದೆ. ಕಾರ್ಡಿಯಾಕ್ ಸೈಕಲ್ ಮೇಲಿನ ನಲವತ್ತು ಪ್ರಶ್ನೆ ಬಿಡಿಸಿದೆ. ಹದಿನೇಳು ತಪ್ಪು. ಆ ಹದಿನೇಳನ್ನು ಒಂದು ಹಾಳೆಯ ಮೇಲೆ ಸಾಲಾಗಿ ಬರೆದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಹನ್ನೊಂದು ಒಂದೇ ಜಾತಿಯ ತಪ್ಪು. ವಾಲ್ವ್ ಯಾವುದು ಅನ್ನುವುದು ಸರಿ, ತೆರೆಯುತ್ತದೋ ಮುಚ್ಚುತ್ತದೋ ಅನ್ನುವುದೂ ಸರಿ. ಹಂತ ಮಾತ್ರ ಒಂದು ಹೆಜ್ಜೆ ಆಚೆ ಈಚೆ. ನನ್ನ ತಲೆಯಲ್ಲಿ ಇದ್ದದ್ದು ಎರಡೇ ಕೋಣೆ: ಸಿಸ್ಟೊಲಿ ಅಂದರೆ ಅಯೋರ್ಟಿಕ್ ತೆರೆದಿರುತ್ತದೆ, ಡಯಾಸ್ಟೊಲಿ ಅಂದರೆ ಮೈಟ್ರಲ್ ತೆರೆದಿರುತ್ತದೆ. ಒಂದು ಮುಚ್ಚಿದ ತಕ್ಷಣ ಇನ್ನೊಂದು ತೆರೆಯುತ್ತದೆ. ಎರಡೂ ಮುಚ್ಚಿರುವ ಹೊತ್ತಿಗೆ ಆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ಆ ಹಂತಗಳ ಹೆಸರು ನನಗೆ ಬಾಯಿಪಾಠ ಬರುತ್ತಿತ್ತು, ಐಸೋವಾಲ್ಯುಮೆಟ್ರಿಕ್ ಕಾಂಟ್ರಾಕ್ಷನ್, ಐಸೋವಾಲ್ಯುಮೆಟ್ರಿಕ್ ರಿಲ್ಯಾಕ್ಸೇಷನ್ ಅಂತ. ಆದರೆ ಅವು ಯಾಕೆ ಇವೆ ಅನ್ನುವುದು ತಲೆಗೆ ಹೋಗಿರಲಿಲ್ಲ.

ನಮ್ಮ ಹಾಸ್ಟೆಲಿನಲ್ಲಿ ಹೌಸ್ ಸರ್ಜನ್ ಆಗಿದ್ದ ಒಬ್ಬ ಅಕ್ಕ ಇದ್ದರು. ರಾತ್ರಿ ಡ್ಯೂಟಿ ಮುಗಿಸಿ ಬಂದು, ಮಲಗುವ ಮೊದಲು ಅರ್ಧ ಗಂಟೆ ಕೊಟ್ಟರು. ನಾನು ಪುಸ್ತಕ ತೆರೆದೆ, ಅವರು ಮುಚ್ಚಿದರು.

"ವಾಲ್ವ್‌ನ ಯಾರು ತೆಗೀತಾರೆ?" ಅಂತ ಕೇಳಿದರು.

"ಪ್ಯಾಪಿಲರಿ ಮಸಲ್ ಅಕ್ಕ."

"ಅದೇ ನಿನ್ನ ಮೊದಲ ತಪ್ಪು. ಅದು ತೆಗೆಯೋದೂ ಇಲ್ಲ, ಮುಚ್ಚೋದೂ ಇಲ್ಲ. ಮುಚ್ಚಿದ ಬಾಗಿಲು ಏಟ್ರಿಯಂ ಕಡೆಗೆ ಮಗುಚಿ ಹೋಗದ ಹಾಗೆ ಎಳೆದು ಹಿಡ್ಕೊಳ್ಳತ್ತೆ ಅಷ್ಟೇ. ಬಾಗಿಲು ತಳ್ಳೋದು ರಕ್ತ. ಎರಡೂ ಕಡೆ ಒತ್ತಡ ಎಷ್ಟಿದೆ ಹೇಳು, ಬಾಗಿಲು ಹೇಗಿದೆ ಅಂತ ನಾನು ಹೇಳ್ತೀನಿ."

ಆಮೇಲೆ ಅವರು ಹೇಳಿದ್ದನ್ನು ನಾನು ಮಾಡಿದ ರೀತಿಯಲ್ಲೇ ಇಲ್ಲಿ ಹೇಳುತ್ತೇನೆ, ಯಾಕೆಂದರೆ ನನಗೆ ಕೆಲಸಕ್ಕೆ ಬಂದದ್ದು ಇದೇ.

ಒಂದು ಗ್ರಾಫ್ ಹಾಳೆಯನ್ನು ಅಡ್ಡ ಇಟ್ಟುಕೊಳ್ಳಿ. ನಿಮಿಷಕ್ಕೆ 75 ಬಡಿತ ಅಂದರೆ ಒಂದು ಬಡಿತಕ್ಕೆ 0.8 ಸೆಕೆಂಡ್. 1 ಸೆಂಟಿಮೀಟರಿಗೆ 0.05 ಸೆಕೆಂಡ್ ಹಿಡಿದರೆ ಇಡೀ ಬಡಿತ 16 ಸೆಂಟಿಮೀಟರಿನಲ್ಲಿ ಕೂರುತ್ತದೆ. ಮೇಲಕ್ಕೆ ಒತ್ತಡ, 0ಯಿಂದ 120. ಇಲ್ಲಿ ಹೇಳುವ ಒತ್ತಡಗಳೆಲ್ಲ ಪಾದರಸದ ಮಿಲಿಮೀಟರ್ ಲೆಕ್ಕ. ಪುಸ್ತಕದಿಂದ ಪುಸ್ತಕಕ್ಕೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮೊದಲು ವೆಂಟ್ರಿಕಲ್ ಗೆರೆ ಬರೆಯಬೇಡಿ. ಎರಡು ನೆರೆಹೊರೆಯ ಗೆರೆ ಬರೆಯಿರಿ. ಕೆಳಗೆ ಎಡ ಏಟ್ರಿಯಂನ ಒತ್ತಡ, 5ರಿಂದ 10ರ ಸುತ್ತಮುತ್ತ ಸಣ್ಣ ಅಲೆಗಳ ಜೊತೆ ಹರಿಯುವ ಗೆರೆ. ಮೇಲೆ ಅಯೋರ್ಟಾದ ಒತ್ತಡ, 80ರಿಂದ 120ರ ನಡುವೆ ಏರಿಳಿಯುವ ಗೆರೆ. ಇವೆರಡರ ನಡುವೆ ದೊಡ್ಡ ಖಾಲಿ ಜಾಗ ಉಳಿಯುತ್ತದೆ. ಈಗ ವೆಂಟ್ರಿಕಲ್ ಗೆರೆ ಹಾಕಿ. ಅದು ಕೆಳಗಿನ ಗೆರೆಯಿಂದ ಹೊರಟು ಮೇಲಿನ ಗೆರೆ ಮುಟ್ಟಬೇಕಾದರೆ ಆ ಖಾಲಿ ಜಾಗವನ್ನು ದಾಟಲೇಬೇಕು. ವಾಪಸ್ ಬರುವಾಗ ಇನ್ನೊಮ್ಮೆ ದಾಟಬೇಕು. ದಾಟುವ ಹೊತ್ತಿನಲ್ಲಿ ಒತ್ತಡ ಏಟ್ರಿಯಂಗಿಂತ ಜಾಸ್ತಿ, ಆದ್ದರಿಂದ ಮೈಟ್ರಲ್ ಮುಚ್ಚಿದೆ. ಅಯೋರ್ಟಾಗಿಂತ ಕಡಿಮೆ, ಆದ್ದರಿಂದ ಅಯೋರ್ಟಿಕ್ ಕೂಡ ಮುಚ್ಚಿದೆ. ರಕ್ತ ಒಳಗೂ ಬರುವ ಹಾಗಿಲ್ಲ, ಹೊರಗೂ ಹೋಗುವ ಹಾಗಿಲ್ಲ. ಗಾತ್ರ ಬದಲಾಗುವುದಿಲ್ಲ. ಐಸೋವಾಲ್ಯುಮೆಟ್ರಿಕ್ ಅನ್ನುವ ಹೆಸರು ಅದಕ್ಕೇ.

ನನ್ನ ಗ್ರಾಫಿನಲ್ಲಿ ಏರುವಾಗಿನ ದಾಟು ಸರಿಯಾಗಿ 1 ಸೆಂಟಿಮೀಟರ್ ಬಂತು, 0.05 ಸೆಕೆಂಡ್. ಇಳಿಯುವಾಗಿನದು ಸುಮಾರು ಒಂದೂವರೆ ಸೆಂಟಿಮೀಟರ್. ಹದಿನಾರರಲ್ಲಿ ಎರಡೂವರೆ. ಪರೀಕ್ಷೆಯ ಹಾಳೆಯಲ್ಲಿ ನಾನು ಅಳಿಸಿಹಾಕಿದ್ದು ಇದನ್ನೇ.

ಗೆರೆಗಳು ಒಂದನ್ನೊಂದು ದಾಟುವ ಜಾಗ ನಾಲ್ಕೇ. ವೆಂಟ್ರಿಕಲ್ ಗೆರೆ ಏಟ್ರಿಯಂ ಗೆರೆಯನ್ನು ದಾಟಿ ಮೇಲೆ ಹೋದಾಗ ಮೈಟ್ರಲ್ ಮುಚ್ಚುತ್ತದೆ, ಅಲ್ಲಿಂದ ಐಸೋವಾಲ್ಯುಮೆಟ್ರಿಕ್ ಕಾಂಟ್ರಾಕ್ಷನ್ ಶುರು. 80ರಲ್ಲಿ ಅಯೋರ್ಟಾ ಗೆರೆ ದಾಟಿದಾಗ ಅಯೋರ್ಟಿಕ್ ತೆರೆಯುತ್ತದೆ, ಆ ಹಂತ ಮುಗಿಯಿತು, ರಕ್ತ ಹೊರಬೀಳುವ ಹಂತ ಶುರು. 120ರ ತುದಿ ಬರುವುದು ತೆರೆದಾದ ಮೇಲೆ. ನಾನು ತುದಿಯಲ್ಲಿ ಬಾಗಿಲು ತೆಗೆದಿದ್ದೆ. ಇಳಿಯುವಾಗ ಅಯೋರ್ಟಾ ಗೆರೆಯಿಂದ ಬೇರೆಯಾದಾಗ ಅಯೋರ್ಟಿಕ್ ಮುಚ್ಚುತ್ತದೆ. ಆಗ ಅಯೋರ್ಟಾದಲ್ಲಿ ಒತ್ತಡ 100ರ ಹತ್ತಿರ ಇರುತ್ತದೆ, 80 ಅಲ್ಲ. ತೆರೆದದ್ದು 80ರಲ್ಲಿ, ಹಾಗಾಗಿ ಮುಚ್ಚುವುದೂ 80ರಲ್ಲೇ ಅಂತ ಅಂದುಕೊಂಡು ಎರಡು ಪ್ರಶ್ನೆ ತಪ್ಪಿಸಿದ್ದೆ. ನಡುವೆ ರಕ್ತ ಬಂದು ಅಯೋರ್ಟಾ ಉಬ್ಬಿದೆ, ಅದರ ಒತ್ತಡ ಮೇಲೆ ಹೋಗಿದೆ ಅನ್ನುವುದನ್ನು ಮರೆತಿದ್ದೆ. ಕೊನೆಗೆ ವೆಂಟ್ರಿಕಲ್ ಗೆರೆ ಏಟ್ರಿಯಂಗಿಂತ ಕೆಳಗೆ ಬಿದ್ದಾಗ ಮೈಟ್ರಲ್ ತೆರೆಯುತ್ತದೆ, ಐಸೋವಾಲ್ಯುಮೆಟ್ರಿಕ್ ರಿಲ್ಯಾಕ್ಸೇಷನ್ ಮುಗಿದು ರಕ್ತ ತುಂಬಲು ಶುರುವಾಗುತ್ತದೆ.

ಪ್ರಶ್ನೆಯಲ್ಲಿ ಹೃದಯದ ಸದ್ದಿನ ಮಾತು ಬಂದರೆ ಒಂದು ನೆನಪಿಡಿ: ಸಹಜ ಹೃದಯದಲ್ಲಿ ಕಿವಿಗೆ ಬೀಳುವುದು ಮುಚ್ಚುವ ಸದ್ದು. ಮೊದಲ ಸದ್ದು ಮೈಟ್ರಲ್ ಮತ್ತು ಟ್ರೈಕಸ್ಪಿಡ್ ಮುಚ್ಚಿದಾಗ, ಎರಡನೆಯದು ಅಯೋರ್ಟಿಕ್ ಮತ್ತು ಪಲ್ಮನರಿ ಮುಚ್ಚಿದಾಗ. ತೆರೆಯುವಾಗ ಸದ್ದಿಲ್ಲ. ಹಾಗಾಗಿ ಎರಡೂ ಮುಚ್ಚಿದ ಹಂತಗಳು ಶುರುವಾಗುವುದು ಸದ್ದಿನೊಂದಿಗೆ, ಮುಗಿಯುವುದು ಸದ್ದಿಲ್ಲದೆ.

ಎರಡನೇ ವಾರದಲ್ಲಿ ನನ್ನನ್ನು ಎರಡು ದಿನ ನಿಲ್ಲಿಸಿದ ಒಂದು ಪ್ರಶ್ನೆ ಇದು. ಎಡ ವೆಂಟ್ರಿಕಲ್ ಒತ್ತಡ 60, ಎಡ ಏಟ್ರಿಯಂ 10, ಅಯೋರ್ಟಾ 82, ವೆಂಟ್ರಿಕಲ್‌ನಲ್ಲಿರುವ ರಕ್ತ 120 ಮಿಲಿಲೀಟರ್. ಯಾವ ಹಂತ, ಮುಂದೆ ಯಾವ ವಾಲ್ವ್ ಏನಾಗುತ್ತದೆ? ನಾನು ಬರೆದ ಉತ್ತರ: ರಿಲ್ಯಾಕ್ಸೇಷನ್, ಮುಂದೆ ಮೈಟ್ರಲ್ ತೆರೆಯುತ್ತದೆ. 60 ಅಂದರೆ ಕಡಿಮೆ, ಕಡಿಮೆ ಅಂದರೆ ಇಳಿಯುತ್ತಿದೆ, ಅಂತ ತಲೆ ಓಡಿತ್ತು.

ಗ್ರಾಫಿನಲ್ಲಿ 60ರ ಮೇಲೆ ಸ್ಕೇಲ್ ಅಡ್ಡ ಇಟ್ಟು ನೋಡಿದೆ. ವೆಂಟ್ರಿಕಲ್ ಗೆರೆ ಸ್ಕೇಲನ್ನು ಎರಡು ಕಡೆ ಮುಟ್ಟುತ್ತದೆ. ಒಮ್ಮೆ ಏರುವಾಗ, ಒಮ್ಮೆ ಇಳಿಯುವಾಗ. ಎರಡೂ ಕಡೆ ಎರಡೂ ವಾಲ್ವ್ ಮುಚ್ಚಿವೆ. ವೆಂಟ್ರಿಕಲ್ ಒತ್ತಡ ಒಂದನ್ನೇ ನೋಡಿದರೆ ಯಾವ ಕಡೆ ಅಂತ ಹೇಳಲು ಆಗುವುದೇ ಇಲ್ಲ. ಹೇಳುವುದು ರಕ್ತದ ಗಾತ್ರ. 120 ಮಿಲಿಲೀಟರ್ ಅಂದರೆ ತುಂಬಿದ ವೆಂಟ್ರಿಕಲ್, ಇನ್ನೂ ಒಂದು ಹನಿಯೂ ಹೊರಗೆ ಹೋಗಿಲ್ಲ. ಆದ್ದರಿಂದ ಏರುವ ಕಡೆ, ಕಾಂಟ್ರಾಕ್ಷನ್. ಮುಂದೆ ಆಗುವುದು ಅಯೋರ್ಟಿಕ್ ತೆರೆಯುವುದು, ಇನ್ನು 20ರಷ್ಟು ಏರಿದಾಗ. ಅಯೋರ್ಟಾ ಒತ್ತಡ 82 ಅನ್ನುವುದೂ ಅದನ್ನೇ ಹೇಳುತ್ತದೆ, ಹಿಂದಿನ ಬಡಿತದ ರಕ್ತ ಹರಿದುಹೋಗಿ ಒತ್ತಡ ತಳ ಮುಟ್ಟುತ್ತಿದೆ. ಅದೇ ಪ್ರಶ್ನೆಯಲ್ಲಿ ಗಾತ್ರ 50, ಅಯೋರ್ಟಾ 96 ಅಂತ ಕೊಟ್ಟಿದ್ದರೆ? 70 ಮಿಲಿಲೀಟರ್ ಆಗಲೇ ಹೊರಗೆ ಹೋಗಿದೆ, ಅಯೋರ್ಟಾ ಇನ್ನೂ ತುಂಬಿದೆ. ಆಗ ಮಾತ್ರ ರಿಲ್ಯಾಕ್ಸೇಷನ್, ಮುಂದೆ ಮೈಟ್ರಲ್ ತೆರೆಯುತ್ತದೆ. ನನ್ನ ಹನ್ನೊಂದು ತಪ್ಪಿನಲ್ಲಿ ನಾಲ್ಕು ಈ ಒಂದೇ ಜಾಗದಲ್ಲಿ ಸರಿಹೋದವು. ಅವತ್ತು ನಾನು ಎದ್ದು ಹೋಗಿ ಮೆಸ್ಸಿನಲ್ಲಿ ಎರಡು ಲೋಟ ಟೀ ಕುಡಿದೆ, ಅಷ್ಟು ಹಗುರ ಆಗಿತ್ತು.

ಇನ್ನೊಂದು ತೊಡಕು ನಾನು ನಿರೀಕ್ಷೆ ಮಾಡಿರದ ಕಡೆಯಿಂದ ಬಂತು. ನಮ್ಮಲ್ಲಿ ಬ್ಯಾಚಿನಿಂದ ಬ್ಯಾಚಿಗೆ ದಾಟುವ ಒಂದು ಜೆರಾಕ್ಸ್ ಪ್ರಶ್ನೆ ಕಟ್ಟು ಇದೆ. ನಾನು 180 ರೂಪಾಯಿ ಕೊಟ್ಟು ಪ್ರತಿ ಮಾಡಿಸಿದ್ದೆ. ಅದರಲ್ಲಿ ಒಂದು ಪ್ರಶ್ನೆಗೆ ಉತ್ತರ ಹೀಗಿತ್ತು: ಅಯೋರ್ಟಿಕ್ ವಾಲ್ವ್ ಮುಚ್ಚುವುದು ಐಸೋವಾಲ್ಯುಮೆಟ್ರಿಕ್ ರಿಲ್ಯಾಕ್ಸೇಷನ್‌ನ ಕೊನೆಯಲ್ಲಿ. ಮೊದಲ ಸಲ ಓದುವಾಗ ಅದನ್ನೇ ಬಾಯಿಪಾಠ ಮಾಡಿದ್ದೆ. ಈಗ ಗ್ರಾಫ್ ಮುಂದೆ ಇಟ್ಟುಕೊಂಡು ನೋಡಿದರೆ ಅದು ನಿಲ್ಲುವುದಿಲ್ಲ. ಆ ಹಂತದ ಕೊನೆಯವರೆಗೂ ಅಯೋರ್ಟಿಕ್ ತೆರೆದೇ ಇದ್ದರೆ ಅಯೋರ್ಟಾದ ರಕ್ತ ವಾಪಸ್ ವೆಂಟ್ರಿಕಲ್‌ಗೆ ಸುರಿಯುತ್ತದೆ, ಅಲ್ವಾ? ಗಾತ್ರ ಬದಲಾಗದೆ ಇರುವುದು ಹೇಗೆ? ಉತ್ತರ ಸರಿಯೋ ತಪ್ಪೋ ಅನ್ನುವ ಅನುಮಾನ ಬಂದಾಗಲೆಲ್ಲ ಆಮೇಲೆ ನಾನು ಕೇಳಿಕೊಂಡದ್ದು ಇದನ್ನೇ: ಈ ಉತ್ತರ ನಿಜವಾದರೆ ಆ ಹೊತ್ತಿನಲ್ಲಿ ಗಾತ್ರ ಏನಾಗುತ್ತದೆ?

ಆದರೂ ಧೈರ್ಯ ಸಾಲದೆ ಹಾಳೆ ಹಿಡಿದು ಡಿಪಾರ್ಟ್‌ಮೆಂಟಿಗೆ ಹೋದೆ. ಮೊದಲ ದಿನ ಸರ್ ಪ್ರಾಕ್ಟಿಕಲ್‌ನಲ್ಲಿದ್ದರು. ಎರಡನೇ ದಿನ ಒಂದೂವರೆ ಗಂಟೆ ಕಾದೆ. ಅವರು ನೋಡಿ, "ಇದು ತಪ್ಪು ಕಣಮ್ಮ, ಶುರುವಿನಲ್ಲಿ ಅಂತ ಇರಬೇಕು. ಆದರೆ ಒಂದು ವಿಷಯ ತಿಳ್ಕೋ" ಅಂದರು. ಕೆಲವು ಪುಸ್ತಕಗಳಲ್ಲಿ ರಕ್ತ ಹೊರಬೀಳುವ ಹಂತಕ್ಕೂ ಐಸೋವಾಲ್ಯುಮೆಟ್ರಿಕ್ ರಿಲ್ಯಾಕ್ಸೇಷನ್‌ಗೂ ನಡುವೆ ಪ್ರೋಟೊಡಯಾಸ್ಟೊಲಿ ಅನ್ನುವ 0.04 ಸೆಕೆಂಡಿನ ಚಿಕ್ಕ ಹಂತ ಹೇಳುತ್ತಾರೆ. ವೆಂಟ್ರಿಕಲ್ ಒತ್ತಡ ಬೀಳಲು ಶುರುವಾಗಿರುತ್ತದೆ, ಆದರೂ ಹೊರಟ ರಕ್ತ ತನ್ನ ವೇಗದಲ್ಲೇ ಸ್ವಲ್ಪ ಹೊತ್ತು ಮುಂದೆ ಹೋಗುತ್ತಿರುತ್ತದೆ. ಆ ವೇಗ ಸೋತ ಮೇಲೆ ಬಾಗಿಲು ಮುಚ್ಚುತ್ತದೆ. ಅಂಥ ಪುಸ್ತಕದ ಪ್ರಕಾರ ಅಯೋರ್ಟಿಕ್ ಮುಚ್ಚುವುದು ಪ್ರೋಟೊಡಯಾಸ್ಟೊಲಿಯ ಕೊನೆಯಲ್ಲಿ. ಆ ಕೊನೆ ಅಂದರೂ ಒಂದೇ, ಐಸೋವಾಲ್ಯುಮೆಟ್ರಿಕ್ ರಿಲ್ಯಾಕ್ಸೇಷನ್‌ನ ಶುರು ಅಂದರೂ ಒಂದೇ. ಆಯ್ಕೆಗಳಲ್ಲಿ ಯಾವುದು ಕೊಟ್ಟಿದ್ದಾರೆ ಅಂತ ನೋಡಿ ಬರೆಯಬೇಕು. ಅಯೋರ್ಟಾ ಗೆರೆ ವೆಂಟ್ರಿಕಲ್ ಗೆರೆಗಿಂತ ಸ್ವಲ್ಪ ಮೇಲೆ ಹೋದ ಮೇಲೂ ರಕ್ತ ಹೊರಗೆ ಹರಿಯುತ್ತಿರುವುದು ಚಿತ್ರದಲ್ಲಿ ಕಂಡರೆ ಗಾಬರಿಯಾಗಬೇಡಿ. ಅದೂ ಈ ವೇಗದಿಂದಲೇ.

"ಶುರುವಿನಲ್ಲಿ", "ಕೊನೆಯಲ್ಲಿ" ಅನ್ನುವ ಪದಗಳ ಕೆಳಗೆ ನಾನು ಆಮೇಲೆ ಪೆನ್ಸಿಲ್ ಗೆರೆ ಎಳೆದೇ ಓದುತ್ತಿದ್ದೆ. ಒಂದೇ ಘಟನೆ ಒಂದು ಹಂತದ ಕೊನೆ, ಇನ್ನೊಂದರ ಶುರು. ಆತುರದಲ್ಲಿ ಓದಿದರೆ ಸರಿಯಾದ ಹಂತಕ್ಕೆ ತಪ್ಪು ತುದಿ ಅಂಟಿಕೊಳ್ಳುತ್ತದೆ.

ಲಿಖಿತ ಪರೀಕ್ಷೆಯಲ್ಲಿ ಕಾರ್ಡಿಯಾಕ್ ಸೈಕಲ್ ದೊಡ್ಡ ಪ್ರಶ್ನೆಯಾಗಿ ಬರಲಿಲ್ಲ. ಸಣ್ಣ ಪ್ರಶ್ನೆಗೆ ಪ್ರೆಷರ್ ವಾಲ್ಯೂಮ್ ಲೂಪ್ ಬಂತು. ಆ ಚೌಕದ ನಾಲ್ಕು ಮೂಲೆಯೂ ಆ ನಾಲ್ಕು ದಾಟುಗಳೇ. ಕೆಳಗಿನ ಬಲ ಮೂಲೆ ಮೈಟ್ರಲ್ ಮುಚ್ಚುವುದು, ಮೇಲಿನ ಬಲ ಅಯೋರ್ಟಿಕ್ ತೆರೆಯುವುದು, ಮೇಲಿನ ಎಡ ಅಯೋರ್ಟಿಕ್ ಮುಚ್ಚುವುದು, ಕೆಳಗಿನ ಎಡ ಮೈಟ್ರಲ್ ತೆರೆಯುವುದು. ನಿಂತಿರುವ ಎರಡು ಗೆರೆಗಳೇ ಐಸೋವಾಲ್ಯುಮೆಟ್ರಿಕ್ ಹಂತಗಳು. ಹತ್ತು ನಿಮಿಷದಲ್ಲಿ ಮುಗಿಸಿದೆ.

ಪರೀಕ್ಷೆ ನಿಜವಾಗಿ ನಡೆದದ್ದು ವೈವಾದಲ್ಲಿ. ಹೊರಗಿನಿಂದ ಬಂದ ಎಕ್ಸಾಮಿನರ್ ಮೇಡಂ ಒಂದು ಬಿಳಿ ಹಾಳೆ ಮುಂದಿಟ್ಟು ಚಿತ್ರ ಬರೆಯಲು ಹೇಳಿದರು. ಎರಡು ನೆರೆಹೊರೆಯ ಗೆರೆ ಮೊದಲು ಬರೆದೆ. ಅವರು ನೋಡುತ್ತಿದ್ದರು. ವೆಂಟ್ರಿಕಲ್ ಗೆರೆ ಹಾಕಿ ಮುಗಿಸಿದ ಮೇಲೆ ಕೇಳಿದರು: "ಮೈಟ್ರಲ್ ಸ್ಟೆನೋಸಿಸ್ ಇರುವ ರೋಗಿ. ಎಡ ಏಟ್ರಿಯಂ ಒತ್ತಡ 25. ನಿಮ್ಮ ಚಿತ್ರದಲ್ಲಿ ಏನು ಬದಲಾಗತ್ತೆ?"

ಇದನ್ನು ನಾನು ಓದಿರಲಿಲ್ಲ. ಕೈ ತಣ್ಣಗಾಯಿತು. ಪೆನ್ಸಿಲ್ ತೆಗೆದುಕೊಂಡು ಏಟ್ರಿಯಂ ಗೆರೆಯನ್ನು 25ಕ್ಕೆ ಎತ್ತಿ ಬರೆದೆ. ದಾಟುವ ಜಾಗಗಳು ತಾವಾಗಿಯೇ ಸರಿದವು. ಏರುವಾಗ ವೆಂಟ್ರಿಕಲ್ 25 ದಾಟಿದ ಮೇಲೆಯೇ ಮೈಟ್ರಲ್ ಮುಚ್ಚುತ್ತದೆ, ಅಂದರೆ ಸ್ವಲ್ಪ ತಡ. ಇಳಿಯುವಾಗ 10ರವರೆಗೆ ಕಾಯಬೇಕಿಲ್ಲ, 25ಕ್ಕೆ ಬಂದಾಗಲೇ ಮೈಟ್ರಲ್ ತೆರೆಯುತ್ತದೆ, ಅಂದರೆ ಬೇಗ. "ಐಸೋವಾಲ್ಯುಮೆಟ್ರಿಕ್ ರಿಲ್ಯಾಕ್ಸೇಷನ್ ಚಿಕ್ಕದಾಗತ್ತೆ ಮೇಡಂ" ಅಂದೆ.

"ಅದನ್ನ ಸ್ಟೆತಸ್ಕೋಪಿನಲ್ಲಿ ಹೇಗೆ ಹಿಡೀತೀರಿ?"

ತೆರೆಯುವಾಗ ಸದ್ದಿಲ್ಲ ಅಂತ ಹೇಳಿದೆ. ಅವರು ತಲೆ ಅಲ್ಲಾಡಿಸಿ ವಿವರಿಸಿದರು. ಗಟ್ಟಿಯಾದ, ಆದರೂ ಅಲುಗಾಡುವ ಮೈಟ್ರಲ್ ವಾಲ್ವ್ ತೆರೆಯುವಾಗ ಚಟ್ ಅನ್ನುವ ಸದ್ದು ಬರುತ್ತದೆ, ಓಪನಿಂಗ್ ಸ್ನ್ಯಾಪ್. ಎರಡನೇ ಸದ್ದಿನಿಂದ ಆ ಸ್ನ್ಯಾಪ್‌ವರೆಗಿನ ಅಂತರ ಅಂದರೆ ನಾನು ಈಗ ಚಿಕ್ಕದಾಗಿ ಬರೆದ ಆ ಹಂತವೇ. ಕಾಯಿಲೆ ಜಾಸ್ತಿಯಾಗಿ ಏಟ್ರಿಯಂ ಒತ್ತಡ ಏರಿದಷ್ಟೂ ಅಂತರ ಕಡಿಮೆ. "ನೀವು ಹಾಳೆ ಮೇಲೆ ಬರೆದದ್ದನ್ನೇ ನಾವು ವಾರ್ಡಿನಲ್ಲಿ ಕೇಳೋದು" ಅಂದರು. ನನಗೆ ಆ ಮಾತು ಕೇಳಿ ಕಣ್ಣು ತುಂಬಿತು, ಅದನ್ನು ಮುಚ್ಚಿಡಲು ಹಾಳೆ ಮಡಚುತ್ತಾ ಕೂತೆ.

ಫಲಿತಾಂಶ ಕಳೆದ ವಾರ ಬಂತು. ಫಿಸಿಯಾಲಜಿ ಪಾಸ್. ಅಪ್ಪನಿಗೆ ಫೋನ್ ಮಾಡಿ, ಎಲ್ಲಿ ತಪ್ಪಿತ್ತು ಅನ್ನುವುದನ್ನು ಮೊದಲು ಹೇಳಿದೆ, ಪಾಸಾದ ಸುದ್ದಿ ಆಮೇಲೆ.

ನನ್ನ ಗ್ರಾಫ್ ಹಾಳೆಯನ್ನು ಪಕ್ಕದ ರೂಮಿನ ಜೂನಿಯರ್ ಒಬ್ಬಳಿಗೆ ಕೊಟ್ಟಿದ್ದೇನೆ. ಅದರಲ್ಲಿರುವುದು ಎಡ ಭಾಗ ಮಾತ್ರ. ಬಲ ಭಾಗವನ್ನು ಅವಳೇ ಬರೆಯಲಿ ಅಂತ ಕೆಳಗೆ ಎರಡು ಅಂಕಿ ಬರೆದು ಕೊಟ್ಟೆ: ಬಲ ವೆಂಟ್ರಿಕಲ್ ತುದಿ 25, ಪಲ್ಮನರಿ ಆರ್ಟರಿ ತಳ 10. ಅಲ್ಲಿ ಖಾಲಿ ಜಾಗ ತೀರಾ ಕಿರಿದು. ಹಾಗಾಗಿ ಟ್ರೈಕಸ್ಪಿಡ್ ಮೈಟ್ರಲ್‌ಗಿಂತ ಸ್ವಲ್ಪ ತಡವಾಗಿ ಮುಚ್ಚಿದರೂ ಪಲ್ಮನರಿ ವಾಲ್ವ್ ಮಾತ್ರ ಅಯೋರ್ಟಿಕ್‌ಗಿಂತ ಮೊದಲೇ ತೆರೆಯುತ್ತದೆ. ನಿನ್ನೆ ರಾತ್ರಿ ಬಾಗಿಲು ತಟ್ಟಿ ಕೇಳಿದಳು: "ಅಕ್ಕಾ, ಮೊದಲು ತೆರೆದದ್ದು ಮುಚ್ಚೋದು ಕೊನೆಗೆ ಯಾಕೆ?" ಹಾಳೆ ತಗೊಂಡು ಬಾ ಅಂದೆ.